ಓದಿನ ಡೈರಿ: ‘ಅರ್ಥ ಆಯ್ತು ಟೀಚರ್’ ಅನ್ನೋದನ್ನು ಮಕ್ಕಳೇ ಪರೀಕ್ಷಿಸಿಕೊಳ್ಳುವ ನೋಟ್‌ಬುಕ್

ಪಾಠ ಮುಗಿಸಿ “ಅರ್ಥ ಆಯ್ತಾ?” ಎಂದು ಕೇಳಿ. ಇಡೀ ತರಗತಿ ಒಂದೇ ರಾಗದಲ್ಲಿ “ಆಯ್ತು ಟೀಚರ್” ಎನ್ನುತ್ತದೆ. ಮಕ್ಕಳು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಯಿತು ಎಂದೇ ಅನಿಸಿರುತ್ತದೆ. ಓದುವಾಗ ನಾಲಿಗೆ ಎಲ್ಲೂ ತಡವರಿಸಲಿಲ್ಲ, ಪದಗಳೆಲ್ಲ ಪರಿಚಯದವು, ಅಷ್ಟು ಸಾಕು ಅವರಿಗೆ. ಮರುದಿನ ಅದೇ ಪಾಠದಿಂದ “ಯಾಕೆ?” ಎಂಬ ಒಂದು ಪ್ರಶ್ನೆ ಕೇಳಿದಾಗಲೇ ಗೊತ್ತಾಗುವುದು, ಅನಿಸಿದ್ದು ಬೇರೆ, ಆಗಿದ್ದು ಬೇರೆ ಎಂದು.

ಓದಿನ ಡೈರಿ ಇರುವುದು ಈ ಅಂತರವನ್ನು ಮಗುವಿಗೇ ಕಾಣಿಸಲು. ಆರರಿಂದ ಎಂಟನೇ ತರಗತಿಯ ಮಕ್ಕಳೊಂದಿಗೆ ನಾನು ಇದನ್ನು ಬಳಸುತ್ತಿದ್ದೇನೆ. ಮೊದಲ ವರ್ಷ ಪುಸ್ತಕದ ಹೆಸರು, ಬರೆದವರು, ಸಾರಾಂಶ, ನೀತಿ ಎಂದು ನಾಲ್ಕು ಕಾಲಂ ಹಾಕಿ ಕೊಟ್ಟಿದ್ದೆ. ಎಲ್ಲರೂ ತುಂಬಿಸಿ ತಂದರು. ಬಹಳ ಮಕ್ಕಳ ಸಾರಾಂಶ ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಇದ್ದದ್ದೇ ಆಗಿತ್ತು. ಅದರಿಂದ ಯಾರಿಗೆ ಎಷ್ಟು ಅರ್ಥವಾಗಿದೆ ಎಂದು ನನಗೂ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ. ಈಗ ಮಾಡುತ್ತಿರುವ ಕ್ರಮ ಬೇರೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲ ದಿನ: ಕೆಟ್ಟ ಪ್ಯಾರಾ

ಡೈರಿ ಕೈಗೆ ಕೊಡುವ ಮೊದಲು ಒಂದು ಪೀರಿಯಡ್ ಇದಕ್ಕೆ ಬೇಕು. ಬೋರ್ಡಿನ ಮೇಲೆ ಇಂಥದ್ದೊಂದು ಪ್ಯಾರಾ ಬರೆಯಿರಿ:

“ಆ ವರ್ಷ ಮಳೆ ಕೈಕೊಟ್ಟಿತು. ಊರ ಮುಂದಿನ ಕೆರೆ ಪೂರ್ತಿ ಬತ್ತಿ ಹೋಯಿತು. ತಳದ ಮಣ್ಣು ಬಿರುಕು ಬಿಟ್ಟಿತ್ತು. ಮಕ್ಕಳು ಅದರೊಳಗೆ ಕ್ರಿಕೆಟ್ ಆಡುತ್ತಿದ್ದರು. ಸಂಜೆಯಾದರೆ ದನಗಳು ಕೆರೆಗೆ ಇಳಿದು ಹೊಟ್ಟೆ ತುಂಬ ನೀರು ಕುಡಿದು ಕೊಟ್ಟಿಗೆಗೆ ಮರಳುತ್ತಿದ್ದವು.”

ಎಲ್ಲರೂ ಓದಲಿ. “ಅರ್ಥ ಆಯ್ತಾ?” ಎಂದು ಕೇಳಿ. ಆಯ್ತು ಎನ್ನುತ್ತಾರೆ. ಆಮೇಲೆ “ಹಾಗಾದರೆ ದನಗಳು ಯಾವ ನೀರು ಕುಡಿದವು?” ಎಂದು ಕೇಳಿ ಸುಮ್ಮನೆ ನಿಲ್ಲಿ. ಒಂದೆರಡು ಕ್ಷಣ ಮೌನ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆ ಹೊತ್ತು ಬಹಳ ಮುಖ್ಯ.

ಈ ಉಪಾಯ ನನ್ನದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೆನ್ ಮಾರ್ಕ್‌ಮನ್ 1979ರಲ್ಲಿ ಇಂಥದ್ದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಒಂದು ಪ್ಯಾರಾದಲ್ಲಿ, ಸಮುದ್ರದ ತಳದಲ್ಲಿ ಬೆಳಕೇ ಇರುವುದಿಲ್ಲ ಎಂದು ಹೇಳಿ, ಅಲ್ಲಿನ ಮೀನುಗಳು ಬಣ್ಣ ನೋಡಿ ಆಹಾರ ಗುರುತಿಸುತ್ತವೆ ಎಂದೂ ಹೇಳಿದ್ದರು. ಆರನೇ ತರಗತಿಯ ಮಕ್ಕಳಲ್ಲೂ ಎಷ್ಟೋ ಮಂದಿಗೆ ಎರಡು ಮಾತೂ ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ಹೊಳೆಯಲಿಲ್ಲ. ಪ್ರತಿ ವಾಕ್ಯವೂ ಬಿಡಿಯಾಗಿ ಅರ್ಥವಾಗುತ್ತದೆ. ಹಿಂದಿನ ವಾಕ್ಯದ ಜೊತೆ ಇಟ್ಟು ನೋಡುವ ಅಭ್ಯಾಸ ಇರುವುದಿಲ್ಲ. ಹಾಗಾಗಿ ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಿ: ಅರ್ಥವಾಗದಿರುವುದು ತಪ್ಪಲ್ಲ, ಅರ್ಥವಾಗಿಲ್ಲ ಎಂದು ಕಂಡುಹಿಡಿಯುವುದೇ ಈ ನೋಟ್‌ಬುಕ್ಕಿನ ಕೆಲಸ.

ನೋಟ್‌ಬುಕ್ಕಿಗೆ ಗೆರೆ ಹಾಕುವುದು

ನೂರು ಪುಟದ ಸಿಂಗಲ್ ರೂಲ್ ನೋಟ್‌ಬುಕ್ ಸಾಕು. ಎದುರುಬದುರಿನ ಎರಡು ಪುಟ ಸೇರಿ ಒಂದು ಓದು. ಎಡಪುಟ ಓದಿದ ದಿನಕ್ಕೆ, ಬಲಪುಟ ಮರುದಿನಕ್ಕೆ. ಪ್ರಿಂಟ್ ಮಾಡಿದ ಹಾಳೆ ಬೇಡ. ಖಾಲಿ ಜಾಗ ಕಂಡರೆ ಮಕ್ಕಳು ಅದನ್ನು ತುಂಬಿಸುವುದಕ್ಕೆಂದೇ ಏನಾದರೂ ಬರೆಯುತ್ತಾರೆ.

ಎಡಪುಟದಲ್ಲಿ ನಾಲ್ಕೇ ಸಂಗತಿ. ಮೇಲೆ ತಾರೀಖು, ಓದಿದ್ದರ ಹೆಸರು, ಯಾವ ಪುಟದಿಂದ ಯಾವ ಪುಟದವರೆಗೆ ಎಂಬುದು. ಅದರ ಕೆಳಗೆ, ಓದುವ ಮೊದಲು ಒಂದು ಸಾಲಿನ ಊಹೆ: ಇದರಲ್ಲಿ ಏನು ಹೇಳಿರಬಹುದು? ಮೂರನೆಯದು, ಓದುತ್ತಾ ತೊಡಕಾದ ಸಾಲುಗಳು. ಇವನ್ನು ಇದ್ದ ಹಾಗೇ ಬರೆದುಕೊಳ್ಳಬೇಕು, ಪುಟದ ಸಂಖ್ಯೆ ಸಮೇತ. ಕೊನೆಗೆ, ಪುಸ್ತಕ ಮುಚ್ಚಿದ ಮೇಲೆ ಒಂದು ಅಂಕಿ: “ನಾಳೆ ಇದರ ಮೇಲೆ ಐದು ಪ್ರಶ್ನೆ ಕೇಳಿದರೆ ಎಷ್ಟಕ್ಕೆ ಸರಿಯಾಗಿ ಉತ್ತರ ಹೇಳಬಲ್ಲೆ?” ಸೊನ್ನೆಯಿಂದ ಐದರೊಳಗೆ ಒಂದನ್ನು ಬರೆದು ಸುತ್ತ ಗೆರೆ ಹಾಕಲಿ. ನೀಲಿ ಪೆನ್ನಿನಲ್ಲಿ ಬರೆಯಲಿ, ಆಮೇಲೆ ತಿದ್ದುವ ಹಾಗಿಲ್ಲ.

ಬಲಪುಟ ಮರುದಿನಕ್ಕೆ ಎಂದೆನಲ್ಲ, ಅದನ್ನು ಯಾವ ಕಾರಣಕ್ಕೂ ಅದೇ ದಿನ ಬರೆಸಬೇಡಿ. ಓದಿ ಮುಗಿಸಿದ ಕೂಡಲೇ ಬರೆದರೆ ಪುಸ್ತಕದ ಮಾತುಗಳು ಇನ್ನೂ ಕಿವಿಯಲ್ಲೇ ಇರುತ್ತವೆ. ಅರ್ಥವಾಗದಿದ್ದರೂ ಹಾಗೇ ಒಪ್ಪಿಸಬಹುದು. ಒಂದು ರಾತ್ರಿ ಕಳೆದರೆ ಮಾತುಗಳು ಅಳಿಸಿಹೋಗುತ್ತವೆ, ತಿಳಿದದ್ದು ಮಾತ್ರ ಉಳಿಯುತ್ತದೆ. ಥೀಡೆ ಮತ್ತು ಆಂಡರ್ಸನ್ ಎಂಬ ಸಂಶೋಧಕರು 2003ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ನೋಡಿದ್ದಾರೆ. ಸ್ವಲ್ಪ ತಡಮಾಡಿ ಸಾರಾಂಶ ಬರೆದವರು, ಓದಿದ ಕೂಡಲೇ ಬರೆದವರಿಗಿಂತ ಚೆನ್ನಾಗಿ ತಮ್ಮ ತಿಳಿವಳಿಕೆಯನ್ನು ಅಂದಾಜು ಮಾಡಿದರು. ನಮ್ಮ ಮಕ್ಕಳು ಕಾಲೇಜಿನವರಲ್ಲ. ಆದರೂ ತರಗತಿಯಲ್ಲಿ ನಾನು ಕಂಡದ್ದು ಇದಕ್ಕೆ ಹೊಂದುತ್ತದೆ.

ಮರುದಿನ ಪುಸ್ತಕ ಮುಚ್ಚಿಯೇ ಐದಾರು ಸಾಲು ಬರೆಯಬೇಕು: ಪುಸ್ತಕ ಓದದ ತಂಗಿಗೋ ಗೆಳೆಯನಿಗೋ ಹೇಳುವ ಹಾಗೆ. ಆಮೇಲೆ ಐದು ಪ್ರಶ್ನೆ. ಎಷ್ಟು ಸರಿಯಾಯಿತು ಎಂದು ಕೆಂಪು ಪೆನ್ನಿನಲ್ಲಿ ಬರೆಯಬೇಕು. ಕಡೆಗೆ ಪುಸ್ತಕ ತೆರೆದು, ಎಲ್ಲಿ ತಪ್ಪಿತು ಎಂದು ಆ ಸಾಲನ್ನೇ ಹುಡುಕಿ ಬರೆಯಬೇಕು. ಮೊದಲ ದಿನ ಮೂವತ್ತು ನಿಮಿಷ, ಎರಡನೇ ದಿನ ಇಪ್ಪತ್ತು ನಿಮಿಷ ಹಿಡಿಯುತ್ತದೆ.

ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂದು ಗ್ರಾಫ್. ಅಡ್ಡಕ್ಕೆ ವಾರಗಳು, ಉದ್ದಕ್ಕೆ ಸೊನ್ನೆಯಿಂದ ಐದು. ಪ್ರತಿ ವಾರ ಎರಡು ಚುಕ್ಕಿ: ಅಂದಾಜಿನದು ನೀಲಿ, ನಿಜವಾದದ್ದು ಕೆಂಪು.

ಏನು ಓದಿಸಬೇಕು, ಎಷ್ಟು ಓದಿಸಬೇಕು

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಸೇತುಬಂಧ ಮುಗಿಯಲಿ. ಅಲ್ಲಿಂದ ದಸರಾ ರಜೆಯವರೆಗೆ, ಹಬ್ಬ, ಪ್ರತಿಭಾ ಕಾರಂಜಿ, ಪರೀಕ್ಷೆ ಎಲ್ಲ ಕಳೆದರೆ ಹತ್ತು ಹನ್ನೆರಡು ವಾರ ಸಿಗುತ್ತದೆ. ವಾರಕ್ಕೆ ಎರಡು ಓದು ಸಾಕು. ಒಂದು ಎಲ್ಲರಿಗೂ ಸಮಾನವಾದದ್ದು, ಅದರ ಐದು ಪ್ರಶ್ನೆ ನೀವು ಮಾಡಿಟ್ಟುಕೊಂಡಿರುತ್ತೀರಿ. ಇನ್ನೊಂದು ಶಾಲೆಯ ಗ್ರಂಥಾಲಯದಿಂದ ಮಗುವೇ ಆರಿಸಿಕೊಂಡದ್ದು. ಅದಕ್ಕೆ ಪ್ರಶ್ನೆ ಇಲ್ಲ, ಅಂಕಿಯೂ ಇಲ್ಲ. ಊಹೆ, ತೊಡಕಿನ ಸಾಲು, ಮರುದಿನದ ಐದಾರು ಸಾಲು ಮಾತ್ರ. ಗ್ರಾಫಿಗೆ ಹೋಗುವುದು ಮೊದಲನೆಯದು ಮಾತ್ರ.

ಸಮಾನ ಓದಿಗೆ ಒಂದೂವರೆ ಪುಟದಷ್ಟು ಬರಹ ಸಾಕು. ಕಥೆಯನ್ನೇ ಕೊಡಬೇಡಿ. ಕಥೆಯಲ್ಲಿ ಮುಂದೇನಾಯಿತು ಎಂಬ ಎಳೆ ಮಕ್ಕಳನ್ನು ಹೇಗೋ ದಾಟಿಸಿಬಿಡುತ್ತದೆ. ವಿಜ್ಞಾನ, ಸಮಾಜ ವಿಜ್ಞಾನದ ಪಾಠದ ಭಾಗಗಳನ್ನು ಜಾಸ್ತಿ ತನ್ನಿ. ಮಕ್ಕಳು ಬಾಯಿಪಾಠ ಮಾಡುವುದು ಅಲ್ಲೇ ಹೆಚ್ಚು. ಒಂದು ಪುಟದಲ್ಲಿ ಐದಕ್ಕಿಂತ ಜಾಸ್ತಿ ಗೊತ್ತಿಲ್ಲದ ಪದಗಳಿದ್ದರೆ ಆ ಬರಹ ಆ ಮಗುವಿಗೆ ಭಾರ. ಒಂದೂ ಇಲ್ಲದಿದ್ದರೆ ತೊಡಕಿನ ಸಾಲು ಹುಟ್ಟುವುದೇ ಕಷ್ಟ.

ಐದು ಪ್ರಶ್ನೆಗಳಲ್ಲಿ ಎರಡು ಬರಹದಲ್ಲೇ ನೇರವಾಗಿ ಉತ್ತರ ಸಿಗುವಂಥವು ಇರಲಿ. ಒಂದು “ಯಾಕೆ?” ಎಂಬುದು. ಒಂದು, “ಈ ಸಾಲಿನ ‘ಅದು’ ಎಂದರೆ ಯಾವುದು?” ಎಂಬಂಥದ್ದು. ಕೊನೆಯದು ಬರಹದಲ್ಲಿ ಇಲ್ಲದ, ಆದರೆ ಓದಿ ಅರ್ಥವಾಗಿದ್ದರೆ ಹೇಳಬಹುದಾದದ್ದು.

ತೊಡಕಿನ ಸಾಲು ಹಿಡಿಯುವುದನ್ನು ಕಲಿಸಬೇಕು

ಇಡೀ ಡೈರಿಯಲ್ಲಿ ಮಕ್ಕಳಿಗೆ ಅತಿ ಕಷ್ಟದ್ದು ಇದೇ. ಮೊದಲ ಎರಡು ಮೂರು ವಾರ ಆ ಜಾಗದಲ್ಲಿ “ಏನೂ ಇಲ್ಲ” ಎಂದೇ ಇರುತ್ತದೆ. ಇಲ್ಲವೇ ಒಂದೆರಡು ಕಠಿಣ ಪದ ಬರೆದಿರುತ್ತಾರೆ. ತೊಡಕು ಎಂದರೆ ಗೊತ್ತಿಲ್ಲದ ಪದ ಎಂದಷ್ಟೇ ಅವರ ತಿಳಿವಳಿಕೆ. ಹಾಗಾಗಿ ಮೂರು ಗುರುತು ಹೇಳಿಕೊಡಿ. ಪದ ಗೊತ್ತಿಲ್ಲದಿದ್ದರೆ ಸಾಲಿನ ಪಕ್ಕದಲ್ಲಿ ‘ಪ’. ಪದಗಳೆಲ್ಲ ಗೊತ್ತು, ಆದರೆ ಯಾರು ಯಾರಿಗೆ ಏನು ಮಾಡಿದರು ಎಂದು ತಿಳಿಯಲಿಲ್ಲ ಎಂದರೆ ‘ವಾ’, ಅಂದರೆ ವಾಕ್ಯ. ವಾಕ್ಯ ತಿಳಿಯಿತು, ಹಿಂದೆ ಓದಿದ್ದಕ್ಕೆ ಹೊಂದುತ್ತಿಲ್ಲ ಎಂದರೆ ‘ಹೊಂ’.

ಕನ್ನಡ ಓದುವ ಮಗುವಿಗೆ ‘ವಾ’ ಬಹಳ ಮುಖ್ಯ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕಡೆಗೆ ಬರುತ್ತದೆ. ಅದಕ್ಕೂ ಮೊದಲು ಎಷ್ಟು ಬೇಕಾದರೂ ಪೋಣಿಸಬಹುದು. “ಸಂತೆಯಿಂದ ಬಂದ ಅಜ್ಜ ತಂದ ಚೀಲದಲ್ಲಿದ್ದ ಗೊಂಬೆಯನ್ನು ಅಳುತ್ತಿದ್ದ ಮೊಮ್ಮಗನಿಗೆ ಕಾಣದಂತೆ ಅಜ್ಜಿ ಬಚ್ಚಿಟ್ಟಳು.” ಪದ ಒಂದೂ ಕಷ್ಟದ್ದಲ್ಲ. ಆದರೂ ಬಚ್ಚಿಟ್ಟದ್ದು ಯಾರು ಎಂದರೆ “ಅಜ್ಜ” ಎನ್ನುವ ಮಕ್ಕಳಿದ್ದಾರೆ. ಯಾಕೆಂದರೆ ವಾಕ್ಯದಲ್ಲಿ ಮೊದಲು ಸಿಕ್ಕ ಮನುಷ್ಯ ಅವನು. ಇಂಥ ಸಾಲನ್ನು ಬೋರ್ಡಿನ ಮೇಲೆ ತುಂಡು ಮಾಡಿ ತೋರಿಸಿ: ಅಜ್ಜ ಸಂತೆಯಿಂದ ಬಂದ. ಚೀಲ ತಂದ. ಅದರಲ್ಲಿ ಗೊಂಬೆ ಇತ್ತು. ಮೊಮ್ಮಗ ಅಳುತ್ತಿದ್ದ. ಅಜ್ಜಿ ಗೊಂಬೆಯನ್ನು ಅವನಿಗೆ ಕಾಣದಂತೆ ಬಚ್ಚಿಟ್ಟಳು. ಆಮೇಲಿಂದ ‘ವಾ’ ಗುರುತು ಹಾಕಿದ ಸಾಲನ್ನೆಲ್ಲ ಮಕ್ಕಳೇ ಹೀಗೆ ತುಂಡು ಮಾಡಿ ಕೆಳಗೆ ಬರೆಯಲಿ.

ಮಾತಿನಲ್ಲಿ ಹೇಳಿದರಷ್ಟೇ ಸಾಲದು. ನೀವೂ ಒಂದು ದಿನ ಮಕ್ಕಳ ಮುಂದೆ ಪತ್ರಿಕೆಯ ಒಂದು ಸುದ್ದಿ ಜೋರಾಗಿ ಓದಿ. ನಿಮಗೆ ತೊಡಕಾದ ಕಡೆ ನಿಲ್ಲಿ. “ಇಲ್ಲಿ ‘ಅವರು’ ಅಂದ್ರೆ ಯಾರು? ಸಚಿವರಾ, ರೈತರಾ? ನನಗೆ ಗೊತ್ತಾಗ್ತಿಲ್ಲ, ಮೇಲಕ್ಕೆ ಹೋಗಿ ನೋಡ್ತೀನಿ” ಎಂದು ಹೇಳುತ್ತಾ ಹಿಂದಕ್ಕೆ ಹೋಗಿ. ಟೀಚರಿಗೂ ತೊಡಕಾಗುತ್ತದೆ ಎಂದು ಕಂಡ ದಿನವೇ “ಏನೂ ಇಲ್ಲ” ಎಂದು ಬರೆಯುವುದು ಕಡಿಮೆಯಾಗುತ್ತದೆ.

ಒಂದು ಪುಟವನ್ನು ಹತ್ತಿರದಿಂದ ನೋಡೋಣ

ಆರನೇ ತರಗತಿಯ ಒಬ್ಬ ಹುಡುಗಿಯ ಡೈರಿ. ಎರಡನೇ ವಾರದ ಓದು. ನಾನೇ ಬರೆದುಕೊಟ್ಟ ಒಂದು ಬರಹ, ಮಡಕೆಯ ನೀರು ಯಾಕೆ ತಣ್ಣಗಿರುತ್ತದೆ ಎಂಬ ಬಗ್ಗೆ. ಅದರ ನಡುವಿನ ಭಾಗ ಹೀಗಿತ್ತು:

“ಮಣ್ಣಿನ ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಒಳಗಿನ ನೀರು ಅವುಗಳ ಮೂಲಕ ನಿಧಾನವಾಗಿ ಹೊರಮೈಗೆ ಜಿನುಗುತ್ತದೆ. ಹೀಗೆ ಜಿನುಗಿದ ನೀರು ಆವಿಯಾಗುವಾಗ ಅದಕ್ಕೆ ಬೇಕಾದ ಶಾಖವನ್ನು ಮಡಕೆಯಿಂದ ಮತ್ತು ಒಳಗಿನ ನೀರಿನಿಂದ ಎಳೆದುಕೊಳ್ಳುತ್ತದೆ. ಶಾಖ ಕಳೆದುಕೊಂಡ ನೀರು ತಣ್ಣಗಾಗುತ್ತದೆ. ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ಜಾಸ್ತಿ ಇರುವುದರಿಂದ ಇದು ಅಷ್ಟು ಚೆನ್ನಾಗಿ ನಡೆಯುವುದಿಲ್ಲ.”

ಅವಳ ಎಡಪುಟದ ಊಹೆ: “ಮಡಕೆ ಮಾಡೋದು ಹೇಗೆ ಅಂತ ಇರುತ್ತೆ.” ತೊಡಕಿನ ಸಾಲು: “ಏನೂ ಇಲ್ಲ.” ಅಂದಾಜು: ಐದಕ್ಕೆ ಐದು.

ಮರುದಿನ ಬಲಪುಟದಲ್ಲಿ ಬರೆದದ್ದು: “ಮಡಕೆ ಮಣ್ಣಿಂದ ಮಾಡಿರ್ತಾರೆ. ಮಣ್ಣು ತಂಪು. ಅದಕ್ಕೆ ನೀರು ತಂಪಾಗಿರುತ್ತೆ. ಮಡಕೇಲಿ ಸಣ್ಣ ತೂತು ಇರುತ್ತೆ. ನೀರು ಹೊರಗೆ ಬರುತ್ತೆ. ಮಡಕೆ ನೀರು ಕುಡಿದ್ರೆ ಒಳ್ಳೇದು.”

ಮೇಲುಮೇಲೆ ನೋಡಿದರೆ ಇದು ಪರವಾಗಿಲ್ಲ ಎನಿಸುತ್ತದೆ. ಆದರೆ ನಿಧಾನಕ್ಕೆ ನೋಡಿ. “ಮಣ್ಣು ತಂಪು” ಎಂಬುದು ಬರಹದಲ್ಲಿ ಎಲ್ಲೂ ಇಲ್ಲ. ಅದು ಅವಳಿಗೆ ಮೊದಲೇ ಗೊತ್ತಿದ್ದ ಮಾತು, ಮನೆಯಲ್ಲಿ ಕೇಳಿದ್ದು. ಓದುವಾಗ ತೂತಿನ ವಿಷಯ ಕಣ್ಣಿಗೆ ಬಿದ್ದಿದೆ, ಆದರೆ ಅದು ಹಳೆಯ ಉತ್ತರದ ಪಕ್ಕದಲ್ಲಿ ಸುಮ್ಮನೆ ಕೂತಿದೆ. ಆವಿಯ ಮಾತೇ ಇಲ್ಲ. ಕಾರಣ ಹೇಳುವ ಸಾಲನ್ನು ಅವಳು ಓದಿದ್ದಾಳೆ, ಅದು ಒಳಗೆ ಇಳಿದಿಲ್ಲ. ಐದು ಪ್ರಶ್ನೆಗಳಲ್ಲಿ ರಂಧ್ರ ಎಲ್ಲಿವೆ, ನೀರು ಎಲ್ಲಿಗೆ ಜಿನುಗುತ್ತದೆ ಎಂಬ ಎರಡಕ್ಕೆ ಉತ್ತರ ಬಂತು. ಶಾಖ ಎಲ್ಲಿಂದ ಬರುತ್ತದೆ, ಕೊನೆಯ ಸಾಲಿನ ‘ಇದು’ ಎಂದರೆ ಏನು, ಮಡಕೆಯ ಹೊರಗೆಲ್ಲ ಪೇಂಟ್ ಬಳಿದರೆ ಏನಾಗುತ್ತದೆ, ಈ ಮೂರೂ ತಪ್ಪಿದವು. ನೀಲಿ ಚುಕ್ಕಿ ಐದರಲ್ಲಿ, ಕೆಂಪು ಚುಕ್ಕಿ ಎರಡರಲ್ಲಿ.

ಇಲ್ಲಿ ನಾನು ಸರಿ ಉತ್ತರ ಬರೆಯಲಿಲ್ಲ. ಅಂಚಿನಲ್ಲಿ ಒಂದು ಪ್ರಶ್ನೆ ಬರೆದೆ: “ಮಣ್ಣೇ ತಂಪಾಗಿದ್ದರೆ ಮಳೆಗಾಲದಲ್ಲಿ ನೀರು ಇನ್ನೂ ತಣ್ಣಗಾಗಬೇಕಲ್ವಾ? ಬರಹದಲ್ಲಿ ಏನಿದೆ ನೋಡು.” ಅವಳು ಮತ್ತೆ ಓದಿ, ಆವಿಯ ಸಾಲನ್ನು ಬರೆದುಕೊಂಡು, ಪಕ್ಕದಲ್ಲಿ ‘ವಾ’ ಹಾಕಿ ತುಂಡು ಮಾಡಿದಳು. “ನೀರು ಆವಿ ಆಗುತ್ತೆ. ಅದಕ್ಕೆ ಬಿಸಿ ಬೇಕು. ಬಿಸೀನ ಒಳಗಿನ ನೀರಿಂದ ತಗೊಳ್ಳುತ್ತೆ. ಅದಕ್ಕೆ ಒಳಗಿಂದು ತಣ್ಣಗಾಗುತ್ತೆ. ಪೇಂಟ್ ಹಚ್ಚಿದ್ರೆ ತೂತು ಮುಚ್ಚುತ್ತೆ, ಆಗಲ್ಲ.” ಪೇಂಟಿನ ಉತ್ತರ ತಾನಾಗೇ ಬಂತು.

ಒಂಬತ್ತನೇ ವಾರ, ಇರುವೆಗಳ ಬಗ್ಗೆ ಒಂದು ಬರಹ. ಅವಳ ತೊಡಕಿನ ಸಾಲು ಮೂರಿದ್ದವು, ಒಂದಕ್ಕೆ ‘ಹೊಂ’. ಅಂದಾಜು ಮೂರು, ನಿಜವಾದದ್ದೂ ಮೂರು. ಐದು ಬಂದಿರಲಿಲ್ಲ, ನಿಜ. ಆದರೆ ಯಾವ ಎರಡು ಬರುವುದಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು.

ಗ್ರಾಫ್ ನೋಡುವಾಗಲೂ ಹೀಗೇ. ಕೆಂಪು ಚುಕ್ಕಿ ಎಷ್ಟು ಮೇಲಿದೆ ಎಂದು ಮೊದಲು ನೋಡಬೇಡಿ, ಅದು ಆ ವಾರದ ಬರಹ ಎಷ್ಟು ಕಷ್ಟದ್ದು ಎಂಬುದರ ಮೇಲೂ ಹೋಗುತ್ತದೆ. ಎರಡು ಚುಕ್ಕಿಗಳ ನಡುವಿನ ಅಂತರ ನೋಡಿ. ನೀಲಿ ಯಾವಾಗಲೂ ಮೇಲಿದ್ದರೆ ಆ ಮಗು ಬೇಗ ಬೇಗ ಓದಿ ಮುಗಿಸುತ್ತಿದೆ. ನೀಲಿ ಯಾವಾಗಲೂ ಕೆಳಗಿದ್ದರೆ ಗೊತ್ತಿದ್ದೂ ಹೆದರುತ್ತಿದೆ, ಅದಕ್ಕೆ ಬೇಕಾದದ್ದು ಹೆಚ್ಚು ಓದಲ್ಲ, ಬಾಯಿಬಿಟ್ಟು ಹೇಳುವ ಅವಕಾಶ.

ನೀವು ಓದುವುದು, ನೀವು ತಿದ್ದದಿರುವುದು

ಮೂವತ್ತೈದು ಮಕ್ಕಳಿದ್ದರೆ ದಿನಕ್ಕೆ ಏಳು ಡೈರಿ. ಒಂದಕ್ಕೆ ಎರಡು ಮೂರು ನಿಮಿಷ. ಒಂದು ಪ್ರಶ್ನೆ ಬರೆಯಿರಿ, ಅಷ್ಟೇ. ‘ಗುಡ್’ ಬೇಡ, ಸ್ಟಾರ್ ಬೇಡ. ಕಾಗುಣಿತದ ತಪ್ಪಿಗೆ ಇಲ್ಲಿ ಕೆಂಪು ಗೆರೆ ಹಾಕಬೇಡಿ. ಒತ್ತಕ್ಷರ ತಪ್ಪಿದರೆ ಬೈಯುತ್ತಾರೆ ಎಂದು ಗೊತ್ತಾದ ಮಗು ಗೊತ್ತಿರುವ ಪದಗಳಲ್ಲಷ್ಟೇ ಬರೆಯುತ್ತದೆ, ಆಗ ನಿಮಗೆ ಸಿಗುವುದು ಅದರ ತಿಳಿವಳಿಕೆ ಅಲ್ಲ. ಮನೆಯ ಕನ್ನಡದಲ್ಲೇ ಬರೆಯಲಿ. ಧಾರವಾಡದ ಕಡೆಯ ಮಗು “ನೀರು ಆವಿ ಆಗಾಕ ಬಿಸಿ ಬೇಕ್ರಿ” ಎಂದು ಬರೆದರೆ ಅದು ಪೂರ್ತಿ ಸರಿ ಉತ್ತರ. ಮನೆಯಲ್ಲಿ ಉರ್ದು, ತುಳು, ಲಂಬಾಣಿ ಆಡುವ ಮಕ್ಕಳು ನಡುವೆ ತಮ್ಮ ಪದ ಹಾಕಿದರೆ ಹಾಕಲಿ.

ಇದಕ್ಕೆ ಅಂಕ ಕೊಡಬೇಡಿ. ರೂಪಣಾತ್ಮಕ ಮೌಲ್ಯಮಾಪನಕ್ಕೆ ಏನಾದರೂ ತೋರಿಸಬೇಕಲ್ಲ ಎಂದು ಅನಿಸುವುದು ಸಹಜ. ತೋರಿಸಲೇಬೇಕಾದರೆ ಡೈರಿ ನಡೆಸಿದ್ದಕ್ಕೆ ಕೊಡಿ, ಕೆಂಪು ಅಂಕಿಗೆ ಕೊಡಬೇಡಿ. ಕೊಟ್ಟ ವಾರದಿಂದಲೇ ಪ್ರಶ್ನೆಗಳು ಪಕ್ಕದ ಸೆಕ್ಷನ್ನಿಂದ ಸೋರಿ ಬರುತ್ತವೆ.

ಕೆಟ್ಟು ಹೋಗುವ ಬಗೆಗಳು

ಎಡಪುಟ, ಬಲಪುಟ ಎರಡೂ ಒಂದೇ ಶಾಯಿಯಲ್ಲಿ, ಒಂದೇ ಓಟದಲ್ಲಿ ಬರೆದಂತಿದ್ದರೆ ಅದನ್ನು ಒಂದೇ ರಾತ್ರಿ ಕೂತು ತುಂಬಿಸಿದ್ದಾರೆ. ಮನೆಗೆ ಕಳಿಸಬೇಡಿ, ಶಾಲೆಯಲ್ಲೇ ಬರೆಸಿ. ಮಗುವಿನ ಬರಹದಲ್ಲಿ “ಇರುವುದರಿಂದ”, “ಆದ್ದರಿಂದಾಗಿ” ಎಂಬ ಪದಗಳು ಒಮ್ಮೆಗೇ ಬಂದರೆ ಪುಸ್ತಕ ತೆರೆದೇ ಬರೆದಿದೆ. ಎಲ್ಲ ವಾರವೂ ಅಂದಾಜು ಮೂರೇ ಇದ್ದರೆ ಅದು ಅಂದಾಜಲ್ಲ. ಆ ಮಗುವನ್ನು ಕರೆದು “ಯಾವ ಎರಡು ಬರಲ್ಲ ಅನ್ಸುತ್ತೆ?” ಎಂದು ಕೇಳಿ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಅಕ್ಷರ ಕೂಡಿಸಿಕೊಂಡು, ಒಂದೊಂದೇ ಪದ ತಡವರಿಸಿ ಓದುವ ಮಕ್ಕಳು ಆರನೇ ತರಗತಿಯಲ್ಲೂ ಇರುತ್ತಾರೆ. ಅವರಿಗೆ ಈ ಡೈರಿ ಹೊರೆ. ಅವರ ಗಮನವೆಲ್ಲ ಅಕ್ಷರಕ್ಕೇ ಹೋಗುತ್ತದೆ, ಅರ್ಥ ಗಮನಿಸಲು ಏನೂ ಉಳಿಯುವುದಿಲ್ಲ. ಶುರು ಮಾಡುವ ಮೊದಲು ಪ್ರತಿ ಮಗುವಿನಿಂದ ಒಂದು ನಿಮಿಷ ಜೋರಾಗಿ ಓದಿಸಿ ಇದನ್ನು ಕಂಡುಕೊಳ್ಳಿ. ಅವರಿಗೆ ಓದು ಕಲಿಸುವ ಕೆಲಸ ಬೇರೆಯಾಗಿ ನಡೆಯಬೇಕು. ಡೈರಿಗೆ ಮಾತ್ರ ಜೊತೆಯವರು ಬರಹವನ್ನು ಓದಿ ಹೇಳಲಿ, ಈ ಮಗು ಕೇಳಿಸಿಕೊಂಡು ತೊಡಕಾದ ಕಡೆ ಕೈ ಎತ್ತಿ ನಿಲ್ಲಿಸಲಿ. ಮರುದಿನ ಬರೆಯುವ ಬದಲು ಚಿತ್ರ ಬರೆದು ಬಾಯಲ್ಲಿ ಹೇಳಲಿ. ಅಂದಾಜಿನ ಅಂಕಿ, ಎರಡು ಚುಕ್ಕಿ ಎಲ್ಲರಂತೆಯೇ ಇರಲಿ.

ಅವಧಿಯ ಕೊನೆಗೆ

ದಸರಾ ರಜೆಗೆ ಮುಂಚಿನ ವಾರ ಹೊಸ ಓದು ಬೇಡ. ಮಕ್ಕಳು ತಮ್ಮ ಮೊದಲ ಎರಡು ವಾರದ ಪುಟ ತೆರೆದು, ಅದೇ ಬರಹವನ್ನು ಮತ್ತೆ ಓದಲಿ. ಆಗ “ಏನೂ ಇಲ್ಲ” ಎಂದು ಬರೆದಿದ್ದ ಕಡೆ ಈಗ ಎಷ್ಟು ತೊಡಕಿನ ಸಾಲು ಸಿಗುತ್ತವೆ ಎಂದು ಎಣಿಸಲಿ. ಆಮೇಲೆ ‘ಪ’, ‘ವಾ’, ‘ಹೊಂ’ ಮೂರನ್ನೂ ಇಡೀ ಡೈರಿಯಲ್ಲಿ ಲೆಕ್ಕ ಹಾಕಿ ಗ್ರಾಫಿನ ಕೆಳಗೆ ಬರೆಯಲಿ. ಶುರುವಿನಲ್ಲಿ ‘ಪ’ ತುಂಬಿ, ಬರಬರುತ್ತಾ ‘ವಾ’, ‘ಹೊಂ’ ಹೆಚ್ಚಾಗಿದ್ದರೆ ಓದು ಆಳಕ್ಕೆ ಇಳಿದಿದೆ. ಕಡೆಯವರೆಗೂ ‘ಪ’ ಒಂದೇ ಇದ್ದರೆ ಎರಡನೇ ಅವಧಿಯಲ್ಲಿ ಆ ಮಗುವಿನ ಪಕ್ಕ ಕೂತು ಒಂದೆರಡು ಬರಹ ಓದಬೇಕು.

ಪೋಷಕರ ಸಭೆಯಲ್ಲಿ ಈ ಪುಟವನ್ನು ಮಗುವೇ ತೆರೆದು ತೋರಿಸಲಿ. ಅಪ್ಪ ಅಮ್ಮ ಮೊದಲು ಕೇಳುವುದು “ಐದಕ್ಕೆ ಎರಡಾ?” ಎಂದು. ಆಗ ಉತ್ತರ ಕೊಡಬೇಕಾದದ್ದು ಮಗು, ನೀವಲ್ಲ. ನೋಟ್‌ಬುಕ್ಕಿನಲ್ಲಿ ಇನ್ನೂ ಅರ್ಧ ಖಾಲಿ ಇರುತ್ತದೆ. ರಜೆ ಮುಗಿಸಿ ಬಂದಾಗ ಹೊಸದು ಕೊಡಬೇಡಿ, ಅದೇ ಗ್ರಾಫಿನಲ್ಲಿ ಚುಕ್ಕಿ ಮುಂದುವರಿಯಲಿ.